ಮುಟ್ಟದ ಡಾಕ್ಟರು

ರೋಗಿಯನ್ನು ಮನೆಯಲ್ಲೇ ಮಲಗಿಸಿ ರೋಗವನ್ನು ಮಾತ್ರ ಪೇಟೆಗೆ ಕಳಿಸುವುದು ನಮ್ಮ ಮಲೆನಾಡಿನ ಹಳೇ ಪದ್ಧತಿ. ಸಂತೆಗೆ ಹೊರಟವನ ಚೀಟಿಯಲ್ಲಿ ಒಣಮೆಣಸಿನಕಾಯಿ, ಬೆಲ್ಲ, ಹೊಗೆಸೊಪ್ಪಿನ ಕೆಳಗೆ ಅತ್ತೆಯ ಮಂಡಿನೋವು, ಕೂಸಿನ ಭೇದಿ ಇವೂ ಇರುತ್ತಿದ್ದವು. ಔಷಧಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ, 'ನಮ್ಮ ಮನೆಯೋಳಿಗೆ ಮೂರು ದಿನದಿಂದ ಜ್ವರ, ಒಂದು ಸೆಟ್ ಮಾತ್ರೆ ಕೊಡಿ' ಅಂದರೆ ಮುಗಿಯಿತು. ಅಂಗಡಿಯವನು ಒಂದು ಬಿಳಿದು, ಒಂದು ಕೆಂಪು, ಒಂದು ಹಳದಿ ಮಾತ್ರೆಯನ್ನು ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದ. ರೋಗಿಗೆ ಎಷ್ಟು ವಯಸ್ಸು, ಬಸುರಿಯೋ ಬಾಣಂತಿಯೋ, ಬಿ.ಪಿ. ಇದೆಯೋ, ಕೇಳಿದವರಿಲ್ಲ, ಹೇಳಿದವರೂ ಇಲ್ಲ. ಹಾಗಾಗಿ ವಿಡಿಯೋದಲ್ಲಿ ಡಾಕ್ಟರು ನೋಡುತ್ತಾರಂತೆ ಅಂದಾಗ ನಮ್ಮೂರಿನವರಿಗೆ ಅಂಥ ಸೋಜಿಗವೇನೂ ಆಗಲಿಲ್ಲ. ಈವರೆಗೆ ಸಂತೆಗೆ ಹೋಗುವವನ ಬಾಯಲ್ಲಿ ಹೋಗುತ್ತಿದ್ದ ಕಾಯಿಲೆ, ಇನ್ನು ಮೇಲೆ ರೋಗಿಯ ಮುಖದ ಸಮೇತ ಹೋಗುತ್ತದೆ, ಅಷ್ಟೇ ತಾನೇ ಎಂದರು.

'ಸಕಲೇಶಪುರದಿಂದ ದೋಣಿಗಲ್ಲಿಗೆ ಹತ್ತು ಕಿಲೋಮೀಟರೂ ಇಲ್ಲವಲ್ಲ, ನಿಮಗ್ಯಾಕ್ರೀ ವಿಡಿಯೋ?' ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ಅವರು ಕಂಡಿರುವುದು ಹೆದ್ದಾರಿ ಪಕ್ಕದ ದೋಣಿಗಲ್. ರೈಲ್ವೆ ಸ್ಟೇಷನ್ನಿನ ಫೋಟೋ ತೆಗೆದುಕೊಂಡು, ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಿಗೆ ಅಷ್ಟೇ ಕಾಣುವುದು. ಹೆದ್ದಾರಿಯಿಂದ ಒಳಗೆ ಎಸ್ಟೇಟಿನ ಮಣ್ಣುರಸ್ತೆಯಲ್ಲಿ ಮೂರ್ನಾಲ್ಕು ಕಿಲೋಮೀಟರು ಜೀಪು ಒದ್ದಾಡಬೇಕಾದ ಮನೆಗಳಿವೆ. ಸಂಜೆ ಆರರ ಮೇಲೆ ಆನೆಯ ಭಯಕ್ಕೆ ಯಾರೂ ಗೇಟು ದಾಟುವುದಿಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಇದು ಉತ್ಪ್ರೇಕ್ಷೆಯ ಮಾತಲ್ಲ. ಮಳೆಗಾಲದಲ್ಲಿ ಹೆದ್ದಾರಿಯನ್ನೂ ನಂಬುವಂತಿಲ್ಲ. 2022ರ ಜುಲೈನಲ್ಲಿ ದೋಣಿಗಲ್ಲಿನ ಹತ್ತಿರವೇ ರಸ್ತೆ ಕುಸಿದು ಘಾಟಿಯಲ್ಲಿ ಭಾರಿ ವಾಹನಗಳನ್ನು ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ಇನ್ನು ಚರ್ಮದ ಡಾಕ್ಟರು, ಮನಸ್ಸಿನ ಡಾಕ್ಟರು ಬೇಕೆಂದರೆ ನಲವತ್ತು ಕಿಲೋಮೀಟರು ದೂರದ ಹಾಸನ, ಇಲ್ಲವೇ ಘಾಟಿ ಇಳಿದು ಮಂಗಳೂರು. ಒಂದು ಮುಲಾಮಿನ ಚೀಟಿಗಾಗಿ ಒಂದು ದಿನದ ಕೂಲಿ, ಬಸ್ಸಿನ ದುಡ್ಡು, ಜೊತೆಗೆ ಬಂದವನ ಕೂಲಿ ಎಲ್ಲ ಹೋಗುತ್ತದೆ.

ಪೇಟೆಯ ನಮ್ಮ ಪರಿಚಯದ ಡಾಕ್ಟರು ವಿಡಿಯೋದಲ್ಲಿ ರೋಗಿಗಳನ್ನು ನೋಡಲು ಶುರುಮಾಡಿ ಎರಡು ವಾರವಾಗಿರಬೇಕು, ನನಗೆ ಫೋನು ಬಂತು. 'ಮೇಷ್ಟ್ರೇ, ಒಂದು ಮೆಸೇಜ್ ಬರೆದುಕೊಡಿ. ಯಾವುದಕ್ಕೆ ವಿಡಿಯೋ ಸಾಕು, ಯಾವುದಕ್ಕೆ ಸಾಲದು, ಕರೆ ಮಾಡುವ ಮೊದಲು ಏನು ರೆಡಿ ಮಾಡಿಕೊಳ್ಳಬೇಕು ಅಂತ. ಎಲ್ಲರಿಗೂ ವಾಟ್ಸಪ್ಪಿನಲ್ಲಿ ಕಳಿಸ್ತೀನಿ.' ನಿವೃತ್ತ ಕನ್ನಡ ಮೇಷ್ಟ್ರಾದ ತಪ್ಪಿಗೆ ಊರಿನ ಮದುವೆ ಕಾಗದ, ಶ್ರದ್ಧಾಂಜಲಿ, ಗ್ರಾಮ ಪಂಚಾಯ್ತಿಗೆ ಅರ್ಜಿ ಎಲ್ಲ ನನ್ನ ಪಾಲಿಗೇ ಬರುತ್ತವೆ. ಇದೂ ಬಂತು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಡಾಕ್ಟರ ಜೊತೆ ಕೂತರೆ ಎರಡು ಸಂಜೆ ಹಿಡಿಯಿತು. ಮೆಸೇಜು ಗೇಣುದ್ದದ್ದೇ, ಅದರ ಹಿಂದಿನ ಮಾತು ಮಾರುದ್ದ. ಅದನ್ನೇ ಇಲ್ಲಿ ಹರಡಿಕೊಂಡು ಕೂತಿದ್ದೇನೆ.

ದೂರದಿಂದಲೇ ರೋಗಿಯನ್ನು ನೋಡುವ ಈ ವಿದ್ಯೆ ನಮ್ಮ ರಾಜ್ಯಕ್ಕೆ ಕೊರೋನಾ ತಂದದ್ದಲ್ಲ. 2002ರಲ್ಲೇ ಇಸ್ರೋ ಸಂಸ್ಥೆಯವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಆದರೆ ಆಗ ರೋಗಿ ಆಸ್ಪತ್ರೆಗೆ ಹೋಗಬೇಕಿತ್ತು, ಅಲ್ಲಿ ಒಬ್ಬ ಡಾಕ್ಟರು ಕೈಯಿಟ್ಟು ನೋಡಿ ದೂರದ ಡಾಕ್ಟರಿಗೆ ವರದಿ ಹೇಳುತ್ತಿದ್ದರು. ಮನೆಯಲ್ಲೇ ಕೂತ ರೋಗಿಯನ್ನು ಫೋನಿನಲ್ಲಿ ನೋಡಲು ಸ್ಪಷ್ಟವಾದ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಅಂದರೆ ದೇಶಕ್ಕೆಲ್ಲ ಬೀಗ ಬಿದ್ದ ಮೊದಲನೇ ದಿನ. ಟೆಲಿಮೆಡಿಸಿನ್ ಮಾರ್ಗಸೂಚಿ ಎಂದು ಅದಕ್ಕೆ ಹೆಸರು. ಡಾಕ್ಟರು ಅದನ್ನು ಮುಂದಿಟ್ಟುಕೊಂಡೇ ಕೂತಿದ್ದರು.

ಮೆಸೇಜಿನ ಮೊದಲ ಸಾಲು ಏನಿರಬೇಕು ಎಂಬುದಕ್ಕೇ ಜಗಳ ಶುರುವಾಯಿತು. ನಾನು 'ತಮ್ಮ ಆರೋಗ್ಯ ನಮ್ಮ ಹೊಣೆ' ಎಂದು ಬರೆದಿದ್ದೆ. ಅದನ್ನವರು ಒಂದೇ ಗೀಟಿಗೆ ಹೊಡೆದುಹಾಕಿದರು. 'ಮೊದಲು ಬೇಡದ್ದನ್ನ ಹೇಳಿ ಮೇಷ್ಟ್ರೇ. ಓದೋರು ಎರಡನೇ ಸಾಲಿಗೆ ಬರ್ತಾರೆ ಅನ್ನೋ ನಂಬಿಕೆ ನಂಗಿಲ್ಲ.' ಹಾಗಾಗಿ ಮೆಸೇಜು ಶುರುವಾಗುವುದು ಹೀಗೆ: 'ಎದೆನೋವು, ಉಸಿರಾಟಕ್ಕೆ ಕಷ್ಟ, ಮುಖ ಸೊಟ್ಟಗಾಗಿ ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್, ಹಾವಿನ ಕಡಿತ, ಔಷಧಿ ಕುಡಿದಿರುವುದು, ನಿಲ್ಲದ ರಕ್ತ, ಬಸುರಿಗೆ ರಕ್ತ ಹೋಗುವುದು ಅಥವಾ ಮಗುವಿನ ಚಲನೆ ಕಡಿಮೆಯಾಗುವುದು, ಎರಡು ತಿಂಗಳೊಳಗಿನ ಕೂಸಿಗೆ ಜ್ವರ: ಇವಕ್ಕೆ ವಿಡಿಯೋ ಕರೆ ಮಾಡಿ ಕಾಯಬೇಡಿ. 108ಕ್ಕೆ ಫೋನು ಮಾಡಿ, ಹೊರಡಿ.' ಔಷಧಿ ಕುಡಿಯುವುದು ಅಂದರೆ ನಮ್ಮ ತೋಟಗಳಲ್ಲಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ ಎಂದು ಅದೇ ಸಾಲಿಗೆ ಸೇರಿಸಿದೆವು.

ಹಾವಿನ ಕಡಿತಕ್ಕೆ ವಿಡಿಯೋ ಯಾಕೆ ಬೇಡ ಎಂದು ನನಗೂ ಕುತೂಹಲವಿತ್ತು. ಹಾವಿನ ಫೋಟೋ ತೋರಿಸಿದರೆ ಯಾವುದು ಅಂತ ಹೇಳಬಹುದಲ್ಲ ಎಂದೆ. ಡಾಕ್ಟರು ಹೇಳಿದರು: ವಿಷ ರಕ್ತಕ್ಕೆ ಏರಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ರೋಗಿಯ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡುವುದು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದಂಥ ಹಾವಿನ ವಿಷ ಏರಿದೆ ಎಂದರ್ಥ. ಗಾಜಿನ ನಳಿಗೆ, ಸೂಜಿ, ಇಪ್ಪತ್ತು ನಿಮಿಷ, ಪಕ್ಕದಲ್ಲೇ ಇಂಜೆಕ್ಷನ್ನು. ಇದರಲ್ಲಿ ಯಾವುದನ್ನು ಫೋನಿನೊಳಗೆ ತೂರಿಸುತ್ತೀರಿ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಎದೆನೋವು. ನಮ್ಮ ಕಡೆ ಯಾರಿಗೂ ಎದೆನೋವು ಬರುವುದೇ ಇಲ್ಲ, ಎಲ್ಲರಿಗೂ 'ಗ್ಯಾಸ್ಟ್ರಿಕ್' ಬರುತ್ತದೆ. ಬೆಳಗಿನ ಜಾವ ಬೆವತು, ಎಡಭುಜ ಹಿಡಿದುಕೊಂಡು ಕೂತವನೂ 'ರಾತ್ರಿ ಹಲಸಿನಹಣ್ಣು ತಿಂದಿದ್ದೆ' ಅನ್ನುತ್ತಾನೆ. ಮನೆಯವರು ಜೀರಿಗೆ ಕಷಾಯ ಕುಡಿಸುತ್ತಾರೆ. ಗಂಟೆ ಕಳೆದ ಮೇಲೆ ಡಾಕ್ಟರಿಗೆ ವಿಡಿಯೋ ಕರೆ. ಪರದೆಯಲ್ಲಿ ಕಾಣುವುದು ಬೆವತ ಮುಖ ಮಾತ್ರ. ಹೊಟ್ಟೆಯ ಉರಿಗೂ ಹೃದಯದ ನೋವಿಗೂ ವ್ಯತ್ಯಾಸ ಹೇಳಬೇಕಾದರೆ ಕನಿಷ್ಠ ಒಂದು ಇ.ಸಿ.ಜಿ. ಬೇಕು. ದೂರದಿಂದ ಹೃದಯ ನೋಡುವುದು ಸಾಧ್ಯವೇ ಇಲ್ಲ ಅಂತಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಶುರುಮಾಡಿದ ಕೆಲಸವನ್ನು ಇಲ್ಲಿನ ಡಾಕ್ಟರುಗಳು ಬಲ್ಲರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸಪ್ಪಿನಲ್ಲಿ ಬಂದ ಪಟ್ಟಿಯನ್ನು ತಜ್ಞರು ಓದಿ ಕೂಡಲೇ ಸಲಹೆ ಹೇಳುವ ಏರ್ಪಾಡು ಅದು. ಆದರೆ ಗಮನಿಸಿ, ಅಲ್ಲಿ ಫೋನಿನಲ್ಲಿ ಹೋಗುವುದು ಯಂತ್ರ ಬರೆದ ಗೆರೆ, ರೋಗಿಯ ಮುಖವಲ್ಲ. ರೋಗಿ ಯಂತ್ರದ ತನಕ ಹೋಗಲೇಬೇಕು.

ಹಾಗಾದರೆ ನಮ್ಮ ಡಾಕ್ಟರು ವಿಡಿಯೋದಲ್ಲಿ ನೋಡುವುದಾದರೂ ಏನನ್ನು? ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಮೊದಲೇ ನೋಡಿದ ಬಿ.ಪಿ., ಸಕ್ಕರೆ, ಥೈರಾಯಿಡ್, ಅಸ್ತಮಾ ರೋಗಿಗಳ ಮಾತ್ರೆ ಮುಂದುವರಿಸುವುದು. ಹುಳುಕಡ್ಡಿ, ಕಜ್ಜಿ, ಗಂಬೂಟು ಹಾಕಿ ಹಾಕಿ ಬೆರಳ ಸಂದಿ ಬಿರಿದದ್ದು. ನೆಗಡಿ, ಸಾಧಾರಣ ಜ್ವರ, ಭೇದಿ. ಲ್ಯಾಬ್ ವರದಿ ಓದಿ ಹೇಳುವುದು. ನಿದ್ದೆ ಬರದಿರುವುದು, ಬೇಸರ, ಕುಡಿತ ಬಿಡಿಸುವ ಮಾತು: ಇವು ವಿಡಿಯೋದಲ್ಲಿ ಎದುರಿಗಿಂತ ಸಲೀಸು ಎನ್ನುತ್ತಾರೆ ಡಾಕ್ಟರು. ಮನಸ್ಸಿನ ಡಾಕ್ಟರ ಬಾಗಿಲಲ್ಲಿ ಊರಿನವರ ಕಣ್ಣಿಗೆ ಬೀಳುವ ಭಯ ಇರುವುದಿಲ್ಲವಲ್ಲ.

ಕೈ ಬೇಕಾದ ಕಡೆ ಮಾತ್ರ ವಿಡಿಯೋ ಸೋಲುತ್ತದೆ. ಹೊಟ್ಟೆನೋವಿಗೆ ಡಾಕ್ಟರು ಬಲಗಡೆ ಕೆಳಗೆ ಒತ್ತಿ, ಫಕ್ಕನೆ ಕೈ ತೆಗೆದು, ರೋಗಿ ಮುಖ ಕಿವುಚುವುದನ್ನು ನೋಡಬೇಕು. ಕಿವಿನೋವಿಗೆ ದೀಪ ಬಿಟ್ಟು ತಮಟೆ ನೋಡಬೇಕು. ಇನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಜಿಗಣೆ ಕಡಿದದ್ದು ಅಂತಲೇ ಶುರುವಾಗಿರುತ್ತದೆ. ಪರದೆಯಲ್ಲಿ ನೋಡಿದರೆ ನಾಲ್ಕಾಣೆ ಅಗಲದ ಗಾಯ. ಆದರೆ ಪಾದ ತಣ್ಣಗಿದೆಯೋ ಬಿಸಿಯಿದೆಯೋ, ನಾಡಿ ಸಿಗುತ್ತದೆಯೋ, ಚುಚ್ಚಿದರೆ ಗೊತ್ತಾಗುತ್ತದೆಯೋ, ವಾಸನೆ ಬರುತ್ತಿದೆಯೋ, ಈ ನಾಲ್ಕನ್ನೂ ಯಾವ ಫೋನೂ ಹೇಳುವುದಿಲ್ಲ. ಸಕ್ಕರೆ ಇರುವವರ ಕಾಲಿನ ಗಾಯಕ್ಕೆ ಬರಲೇಬೇಕು ಎಂದು ದಪ್ಪಕ್ಷರದಲ್ಲಿ ಹಾಕಿಸಿದರು.

ಮಳೆಗಾಲದ ಜ್ವರಕ್ಕೆ ಅರ್ಧ ವಿಡಿಯೋ, ಅರ್ಧ ಆಸ್ಪತ್ರೆ. ಮೊದಲೆರಡು ದಿನ ವಿಡಿಯೋದಲ್ಲಿ ನೋಡಬಹುದು. ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ಇಳಿದವನಿಗೆ ಜ್ವರದ ಜೊತೆ ಮೀನಖಂಡ ಮುಟ್ಟಿದರೆ ಪ್ರಾಣಹೋಗುವ ನೋವು, ಕಣ್ಣು ಕೆಂಪು ಇದ್ದರೆ ಇಲಿಜ್ವರವಿರಬಹುದು. ಇಲ್ಲಿ ಡಾಕ್ಟರ ಕಣ್ಣು ಕೆಲಸ ಮಾಡುತ್ತದೆ, ಆದರೆ ತೀರ್ಮಾನ ರಕ್ತಪರೀಕ್ಷೆಯದು. ಡೆಂಗಿಗೂ ಅಷ್ಟೇ.

ಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಹಿಡಿಯುವುದಿಲ್ಲ. ಒಂದು ಕರೆ ಹೇಗೆ ನಡೆಯಿತೆಂದು ಹೇಳುತ್ತೇನೆ.

ಜುಲೈ ತಿಂಗಳು, ಎರಡು ದಿನದಿಂದ ಹಿಡಿದ ಮಳೆ, ಎಸ್ಟೇಟಿನ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ. ಲೈನ್ ಮನೆಯ ಒಂದು ಹೆಂಗಸಿನ ಎರಡು ವರ್ಷದ ಮಗುವಿಗೆ ಕೆಮ್ಮು, ಜ್ವರ. ಅವಳ ಹತ್ತಿರ ಕೀಪ್ಯಾಡ್ ಫೋನು. ತೋಟದ ರೈಟರು ತನ್ನ ಫೋನಿನಿಂದ ಡಾಕ್ಟರಿಗೆ ವಿಡಿಯೋ ಕರೆ ಹಚ್ಚಿದ. ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಪಕ್ಕದ ಗೋಡೌನಿನ ಕಿಟಕಿಯ ಹತ್ತಿರ ಮಾತ್ರ. ನಾನೂ ಅಲ್ಲಿದ್ದೆ, ಛತ್ರಿ ಹಿಡಿಯುವ ಘನಕಾರ್ಯಕ್ಕೆ.

ರೈಟರು ಗಡಗಡ ವರದಿ ಒಪ್ಪಿಸಿದ. ಡಾಕ್ಟರು ಪೂರ್ತಿ ಕೇಳಿ, 'ಸರಿಯಪ್ಪ, ಈಗ ಫೋನು ಆಯಮ್ಮನ ಕೈಗೆ ಕೊಡು' ಅಂದರು. ಅವಳಿಗೆ ತಮ್ಮ ಹೆಸರು ಹೇಳಿದರು. ಅವಳ ಹೆಸರು, ಮಗುವಿನ ಹೆಸರು, ವಯಸ್ಸು, ಯಾವ ತೋಟ ಎಂದು ಕೇಳಿದರು. ಆಮೇಲೆ, 'ನೋಡವ್ವಾ, ನಾನು ಇಲ್ಲಿಂದ ನೋಡಿ ಹೇಳ್ತೀನಿ. ಎದೆಗೆ ಕೊಳವೆ ಇಟ್ಟು ಕೇಳಕ್ಕಾಗಲ್ಲ. ಬೇಕನ್ನಿಸಿದ್ರೆ ಆಸ್ಪತ್ರೆಗೆ ಬಾ ಅಂತೀನಿ. ಬೇಡ ಅನ್ನಿಸಿದ್ರೆ ನೀನು ಯಾವಾಗ ಬೇಕಾದ್ರೂ ಕರೆ ಕಟ್ ಮಾಡಬಹುದು. ಹಿಂಗೆ ವಿಡಿಯೋದಲ್ಲಿ ನೋಡಕ್ಕೆ ನಿನಗೆ ಒಪ್ಪಿಗೇನಾ?' ಅವಳು ರೈಟರ ಮುಖ ನೋಡಿದಳು. 'ಅವನನ್ನ ಕೇಳಲಿಲ್ಲ ತಾಯಿ, ನಿನ್ನ ಕೇಳಿದ್ದು' ಅಂದರು ಡಾಕ್ಟರು. 'ಒಪ್ಪಿಗೆ' ಅಂದಳು.

ಇದು ಬರೀ ಮರ್ಯಾದೆಯ ಮಾತಲ್ಲ, ನಿಯಮ. ರೋಗಿ ತಾನೇ ಕರೆ ಮಾಡಿದರೆ ಕರೆ ಮಾಡಿದ್ದೇ ಒಪ್ಪಿಗೆ ಎಂದು ಮಾರ್ಗಸೂಚಿ ಲೆಕ್ಕ ಹಿಡಿಯುತ್ತದೆ. ಬೇರೆಯವರು ಮಾಡಿದರೆ, ಅಂದರೆ ಆರೋಗ್ಯ ಕಾರ್ಯಕರ್ತೆಯೋ, ಆರೈಕೆ ಮಾಡುವವರೋ, ಅಥವಾ ಡಾಕ್ಟರೇ ಮಾಡಿದರೆ, ರೋಗಿ ಬಾಯಿಬಿಟ್ಟು ಹೇಳಬೇಕು. ಮೆಸೇಜು ಕಳಿಸಿದರೂ ನಡೆಯುತ್ತದೆ, ವಿಡಿಯೋದಲ್ಲಿ ಹೇಳಿದರೂ ನಡೆಯುತ್ತದೆ. ಡಾಕ್ಟರು ಅದನ್ನು ದಾಖಲೆಯಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳ ವಿಷಯದಲ್ಲಿ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು, ಅವರು ಯಾರೆಂಬುದು ಡಾಕ್ಟರಿಗೆ ಗೊತ್ತಾಗಬೇಕು.

ಮಗುವಿನ ಕಡೆ ಬರೋಣ. ಡಾಕ್ಟರು ಅಂಗಿ ಎತ್ತಿಸಿದರು. ಮಗು ಅಳುತ್ತಿತ್ತು, ಸುಮ್ಮನಾಗುವ ತನಕ ಕಾದರು. ಅಳುವಾಗ ಎಣಿಸಿದ ಉಸಿರಿಗೆ ಬೆಲೆಯಿಲ್ಲವಂತೆ. ಫೋನನ್ನು ಕಾಫಿಮೂಟೆಗೆ ಒರಗಿಸಿ ನಿಲ್ಲಿಸಿ, ಮಗುವಿನ ಎದೆ, ಹೊಟ್ಟೆ ಎರಡೂ ಕಾಣುವಂತೆ ಇಡಲು ಹೇಳಿದರು. ಕೈಯಲ್ಲಿ ಹಿಡಿದರೆ ಫೋನಿನ ನಡುಕ ಯಾವುದು, ಹೊಟ್ಟೆಯ ಏರಿಳಿತ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಮಕ್ಕಳ ಉಸಿರಿಗೆ ನಡೆಯುವುದಿಲ್ಲ, ಅದು ಒಂದೇ ಸಮ ಇರುವುದಿಲ್ಲ. ಮೂವತ್ತನಾಲ್ಕು ಬಂತು. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ ನಲವತ್ತು ಮುಟ್ಟಿದರೆ ನ್ಯುಮೋನಿಯಾದ ಸಂಶಯ. ಎರಡು ತಿಂಗಳಿಂದ ಒಂದು ವರ್ಷದೊಳಗಿನದಕ್ಕೆ ಐವತ್ತು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ ನೋಡಿದರು, ಇಲ್ಲ. ನೀರು ಕುಡಿಸಿ ತೋರಿಸು ಎಂದರು, ಕುಡಿಯಿತು.

ಇನ್ನು ಜ್ವರದ ಸಿರಪ್ಪು. ಮಗುವಿನ ತೂಕ ಎಷ್ಟು ಎಂದರೆ ಯಾರಿಗೂ ಗೊತ್ತಿಲ್ಲ. ಗೋಡೌನಿನಲ್ಲೇ ಕಾಫಿ ತೂಗುವ ಯಂತ್ರವಿತ್ತು. ತಾಯಿ ಮಗುವನ್ನು ಎತ್ತಿಕೊಂಡು ನಿಂತಳು, 57.5 ಕೆ.ಜಿ. ಮಗುವನ್ನು ನನ್ನ ಕೈಗೆ ಕೊಟ್ಟು ಒಬ್ಬಳೇ ನಿಂತಳು, 47.5. ಮಗು ಹತ್ತು ಕೆ.ಜಿ. ಕೆ.ಜಿ.ಗೆ 15 ಮಿಲಿಗ್ರಾಂ ಪ್ಯಾರಾಸಿಟಮಾಲ್ ಲೆಕ್ಕದಲ್ಲಿ 150 ಮಿಲಿಗ್ರಾಂ. ಹಾಗಂತ ಎಷ್ಟು ಮಿಲಿ ಎಂದು ಡಾಕ್ಟರು ಹೇಳಲಿಲ್ಲ. 'ಮನೇಲಿರೋ ಬಾಟ್ಲಿ ತಂದು ಅದರ ಚೀಟಿ ತೋರಿಸು' ಎಂದರು. ಇದೇ ಸಿರಪ್ಪು 5 ಮಿಲಿಗೆ 125 ಮಿಲಿಗ್ರಾಮಿನದೂ ಇದೆ, 250ರದೂ ಇದೆ. ಬಾಟಲಿ, ಬಣ್ಣ, ರುಚಿ ಎಲ್ಲ ಒಂದೇ ಥರ. ಅವಳಲ್ಲಿ ಇದ್ದದ್ದು 250ರದು. ಹಾಗಾಗಿ 3 ಮಿಲಿ. 125ರದಾಗಿದ್ದರೆ 6 ಮಿಲಿ ಆಗುತ್ತಿತ್ತು. ಚೀಟಿ ನೋಡದೆ 6 ಎಂದಿದ್ದರೆ ಮಗುವಿಗೆ ಪ್ರತಿ ಸಲವೂ ಎರಡು ಪಟ್ಟು ಹೋಗುತ್ತಿತ್ತು. ಕೆಮ್ಮಿನ ಸಿರಪ್ಪು ಬೇಡವೇ ಬೇಡ ಎಂದರು. ಕೊನೆಗೆ, ಸಂಜೆ ಮಗು ಮಲಗಿದಾಗ ಮತ್ತೆ ಒಂದು ನಿಮಿಷ ಎಣಿಸಿ ಹೇಳಬೇಕು, ನಲವತ್ತು ಮುಟ್ಟಿದರೆ, ಗುಳಿ ಬಿದ್ದರೆ, ಕುಡಿಯುವುದು ಬಿಟ್ಟರೆ ಮರ ಕಡಿದಾದರೂ ಸರಿ ಕರೆತರಬೇಕು ಎಂದರು. ಸಂಜೆ ಮೂವತ್ತೆರಡಿತ್ತು.

ಆ ಕರೆಯಲ್ಲಿ ಡಾಕ್ಟರ ಕಣ್ಣು ಮಾತ್ರ ಪೇಟೆಯದು. ಕೈ ತಾಯಿಯದು, ತಕ್ಕಡಿ ಎಸ್ಟೇಟಿನದು. ತಯಾರಿ ಅಂದರೆ ಇದೇ. ನಿಮ್ಮ ಮನೆಯಲ್ಲಿ ಎಷ್ಟು ಕೈ, ಎಷ್ಟು ಅಳತೆ ಸಿಗುತ್ತದೋ ವಿಡಿಯೋ ಅಷ್ಟರಮಟ್ಟಿಗೆ ಆಸ್ಪತ್ರೆಯಾಗುತ್ತದೆ.

ಆದರೆ ಅಳತೆಯೂ ಸುಳ್ಳು ಹೇಳುತ್ತದೆ, ಅದೂ ನಮ್ಮೂರಿನ ಸುಳ್ಳು. ಬಿ.ಪಿ. ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ ಕುಡಿಯಬಾರದು. ಇದನ್ನು ಕಾಫಿ ಬೆಳೆಯುವವರಿಗೆ ಬರೆಯುವಾಗ ನನ್ನ ಕೈ ನಡುಗಿತು. ಉಚ್ಚೆ ಹೊಯ್ದು ಬಂದು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಎರಡು ಸಲ ನೋಡಿ ಎರಡನ್ನೂ ಬರೆದಿಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಯಂತ್ರ ತಣ್ಣಗಿನ ಬೆರಳಿಗೆ ಸುಳ್ಳು ಅಂಕಿ ತೋರಿಸುತ್ತದೆ. ಆಷಾಢದಲ್ಲಿ ನಮ್ಮ ಬೆರಳು ಬೆಚ್ಚಗಿರುವುದಾದರೂ ಯಾವಾಗ? ಕೈ ಉಜ್ಜಿ ಬಿಸಿಮಾಡಿಕೊಂಡು, ಉಗುರುಬಣ್ಣ ತೆಗೆದು ಹಾಕಬೇಕು. ಸಕ್ಕರೆ ನೋಡುವಾಗ ಸೋಪು ಹಾಕಿ ಕೈತೊಳೆದು ಒರೆಸಿಕೊಳ್ಳಬೇಕು. ಕಿತ್ತಳೆ ಸುಲಿದ ಬೆರಳನ್ನೇ ಚುಚ್ಚಿಕೊಂಡರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಕೂಡಿಸಿ ಹೇಳುತ್ತದೆ. ತೋಟದ ಕಿತ್ತಳೆ ಕಾಲದಲ್ಲಿ ಅಂಕಿ ದಿಢೀರನೆ ಮೇಲೇರಿದರೆ ತಿಂದದ್ದನ್ನು ಕೇಳುವ ಮೊದಲು ಕೈ ತೊಳೆದಿದ್ದೀರಾ ಎಂದು ಕೇಳಬೇಕು.

ಫೋಟೋದ ವಿಷಯ ಇನ್ನೂ ತಮಾಷೆ. ಚರ್ಮದ ತೊಂದರೆಗೆ ವಿಡಿಯೋಗಿಂತ ಫೋಟೋ ವಾಸಿ, ವಿಡಿಯೋದಲ್ಲಿ ಚಿತ್ರ ಕಲಸಿಹೋಗುತ್ತದೆ. ಕರೆಗೆ ಮೊದಲೇ ಎರಡು ಫೋಟೋ ಕಳಿಸಬೇಕು. ಒಂದು ದೂರದಿಂದ, ಎಲ್ಲಿ ಆಗಿದೆ ಎಂದು ತಿಳಿಯಲು. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಎಷ್ಟು ದೊಡ್ಡದು ಎಂದು ತಿಳಿಯಲು. ಒಬ್ಬ ಹುಡುಗಿ ಮೊಡವೆಗೆ ಔಷಧಿ ಕೇಳಿ ಫೋಟೋ ಕಳಿಸಿದಳು, ಮುಖ ಬೆಣ್ಣೆಯ ಹಾಗೆ ನುಣ್ಣಗಿತ್ತು. ಫೋನಿನ ಬ್ಯೂಟಿ ಮೋಡ್ ಡಾಕ್ಟರಿಗಿಂತ ಮೊದಲೇ ಗುಣಪಡಿಸಿತ್ತು! ಕಾಮಾಲೆಯ ಸಂಶಯವಿದ್ದರೆ ಬಲ್ಬಿನ ಕೆಳಗೆ ಕೂರಬಾರದು, ಹಳದಿ ಬೆಳಕಿನಲ್ಲಿ ಎಲ್ಲರಿಗೂ ಕಾಮಾಲೆ. ಹಗಲು ಹೊತ್ತಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರಬೇಕು. ಕಿಟಕಿಗೆ ಬೆನ್ನು ಹಾಕಿದರೆ ಡಾಕ್ಟರಿಗೆ ಕಾಣುವುದು ಬರೀ ಕರಿನೆರಳು.

ಮಾತ್ರೆಯ ಹೆಸರು ಹೇಳುವ ಹೊತ್ತಿಗೆ ಎಲ್ಲರ ಜಾಣತನವೂ ಮುಗಿಯುತ್ತದೆ. 'ಚಿಕ್ಕದು, ಬಿಳೀದು, ಮಧ್ಯೆ ಗೀಟಿರೋದು.' ಅಂಗಡಿಯವನು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಿರುತ್ತಾನೆ, ಹೆಸರಿದ್ದ ತುದಿ ಅವನ ಡಬ್ಬದಲ್ಲೇ ಉಳಿದಿರುತ್ತದೆ. ಅದಕ್ಕೆ ಮೆಸೇಜಿನಲ್ಲಿ ಬರೆದೆವು: 'ಕೊಳ್ಳುವಾಗ ಹೆಸರು, ತಾರೀಖು ಇರುವ ತುದಿಯನ್ನೇ ಕೇಳಿ ಪಡೆಯಿರಿ. ಕರೆಯ ಹೊತ್ತಿಗೆ ಎಲ್ಲ ಮಾತ್ರೆ, ಹಳೇ ಚೀಟಿ, ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರಿ. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಯಾರೂ ಬೈಯುವುದಿಲ್ಲ.' ಕೊನೆಯ ಎರಡು ಪದ ನನ್ನವು. ಡಾಕ್ಟರು ಸ್ವಲ್ಪ ಯೋಚಿಸಿ ಬಿಟ್ಟುಕೊಟ್ಟರು.

ಕೇಳಿದ ಮಾತ್ರೆಯೆಲ್ಲ ವಿಡಿಯೋದಲ್ಲಿ ಸಿಗುವುದಿಲ್ಲ ಎಂಬುದನ್ನೂ ಬರೆಯಬೇಕಾಯಿತು. ಮಾರ್ಗಸೂಚಿ ಔಷಧಿಗಳನ್ನು ಪಟ್ಟಿ ಮಾಡಿ ಇಟ್ಟಿದೆ. ಜ್ವರದ ಮಾತ್ರೆ, ಓ.ಆರ್.ಎಸ್. ಪುಡಿಯಂಥವನ್ನು ಹೇಗೆ ಸಂಪರ್ಕಿಸಿದರೂ ಬರೆಯಬಹುದು. ಕೆಲವನ್ನು ಮೊದಲ ಸಲಕ್ಕೇ ಬರೆಯಬೇಕಾದರೆ ವಿಡಿಯೋದಲ್ಲಿ ಮುಖ ನೋಡಲೇಬೇಕು, ಬರೀ ಮಾತಿನ ಕರೆ ಸಾಲದು. ಇನ್ನು ಕೆಲವನ್ನು ಎದುರಿಗೆ ನೋಡಿ ಆರು ತಿಂಗಳೊಳಗೆ ಅದೇ ಕಾಯಿಲೆಗೆ ಮತ್ತೆ ಬಂದವರಿಗೆ ಮಾತ್ರ. ಮಾರ್ಫಿನ್‌ನಂಥ ಅಮಲಿನ ಮದ್ದುಗಳು ಸುತರಾಂ ಇಲ್ಲ. ಡಾಕ್ಟರು ಸಹಿ ಹಾಕಿದ ಚೀಟಿಯ ಫೋಟೋ ಕಳಿಸುತ್ತಾರೆ, ಅದರಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಇಲ್ಲದ ಚೀಟಿಯನ್ನು ನಂಬಬೇಡಿ.

ಇಲ್ಲಿ ನನಗೊಂದು ಅನುಮಾನ ಎದ್ದಿತು. ಚೀಟಿ ಯಾರ ಫೋನಿಗೆ ಬರುತ್ತದೆ? ಲೈನ್ ಮನೆಯವರ ಕರೆ ರೈಟರ ಫೋನಿನಿಂದ, ಇಲ್ಲವೇ ಸಾಹುಕಾರರ ಫೋನಿನಿಂದ. ಅಂದರೆ ಯಾವಳಿಗೆ ಬಿಳಿಮುಟ್ಟು, ಯಾವನಿಗೆ ಕ್ಷಯ, ಯಾರಿಗೆ ಬುದ್ಧಿಯ ಮಾತ್ರೆ ಎಂಬುದು ಅವರ ವಾಟ್ಸಪ್ಪಿನಲ್ಲಿ, ಕಾಫಿ ರೇಟಿನ ಫೋಟೋಗಳ ಮಧ್ಯೆ ಉಳಿಯುತ್ತದೆ. ಡಾಕ್ಟರು ಗಡ್ಡ ಕೆರೆದುಕೊಂಡು ನಾಲ್ಕು ಸಾಲು ಹೇಳಿದರು, ನಾನು ಬರೆದುಕೊಂಡೆ: 'ಬೇರೆಯವರ ಫೋನಿನಿಂದ ಮಾಡಿದರೆ ಚೀಟಿ ಯಾವ ನಂಬರಿಗೆ ಕಳಿಸಲಿ ಎಂದು ರೋಗಿಯನ್ನೇ ಕೇಳುತ್ತೇವೆ. ಫೋನಿನ ಮಾಲೀಕರು ಕರೆ ಹಚ್ಚಿಕೊಟ್ಟು ಹೊರಗೆ ಹೋಗಬೇಕು. ನನ್ನ ಪಕ್ಕ ಯಾರಿದ್ದಾರೆಂದು ನಾನು ಹೇಳುತ್ತೇನೆ, ನಿಮ್ಮ ಪಕ್ಕ ಯಾರಿದ್ದಾರೆಂದು ನೀವು ಹೇಳಿ. ಕೇಳದೆ ನಾವು ರೆಕಾರ್ಡ್ ಮಾಡುವುದಿಲ್ಲ, ನೀವೂ ಮಾಡಬೇಡಿ.' ನನ್ನ ಮಟ್ಟಿಗೆ ಇಡೀ ಮೆಸೇಜಿನಲ್ಲಿ ತೂಕದ ಭಾಗ ಇದೇ. ಒಬ್ಬಿಬ್ಬರು ಸಾಹುಕಾರರಿಗೆ ಇದು ರುಚಿಸಲಿಲ್ಲ. 'ನಮ್ಮ ಫೋನು, ನಮ್ಮ ಕರೆನ್ಸಿ, ನಾವು ಹೊರಗೆ ನಿಲ್ಲಬೇಕಾ?' ಎಂದರು. ನಿಲ್ಲಬೇಕು.

ಬೆಂಗಳೂರಿನಲ್ಲಿ ಕೂತು ಊರಿನ ಅವ್ವನಿಗಾಗಿ ಡಾಕ್ಟರಿಗೆ ಕರೆ ಮಾಡುವ ಮಕ್ಕಳಿಗೂ ಒಂದು ಮಾತಿದೆ. ಅವ್ವ ಪರದೆಯ ಮುಂದೆ ಇಲ್ಲದಿದ್ದರೆ, ನೀವು ಮಗನೇ ಹೌದು, ಅವ್ವನ ಪರವಾಗಿ ಮಾತಾಡಲು ನಿಮಗೆ ಅಧಿಕಾರವಿದೆ ಎಂಬುದು ಡಾಕ್ಟರಿಗೆ ಖಾತ್ರಿಯಾಗಬೇಕು. ಅದಕ್ಕಿಂತ ಮೂರೂ ಜನ ಒಂದೇ ಕರೆಯಲ್ಲಿ ಕೂರುವುದು ಸುಲಭ. ಅವ್ವನಿಗೂ ಮಗನ ಮುಖ ಕಂಡಂತಾಯಿತು.

ಕರೆ ಮಧ್ಯದಲ್ಲಿ ಕಡಿದುಹೋಗುತ್ತದೆ. ಹೋಗಬಹುದು ಎಂದಲ್ಲ, ಹೋಗುತ್ತದೆ. ಮಳೆ ಜೋರಾದರೆ ಕರೆಂಟು, ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರು. ಆದ್ದರಿಂದ ಫೋನು ಪೂರ್ತಿ ಚಾರ್ಜು ಮಾಡಿ, ಪಕ್ಕದ ಮನೆಯ ಇನ್ನೊಂದು ನಂಬರು ಮೊದಲೇ ಕೊಟ್ಟಿರಿ. ಕಡಿದರೆ ಡಾಕ್ಟರೇ ವಾಪಸು ಮಾಡುತ್ತಾರೆ, ನೀವೂ ಅದೇ ಹೊತ್ತಿಗೆ ಮಾಡುತ್ತಾ ಕೂತರೆ ಇಬ್ಬರಿಗೂ 'ಬಿಜಿ' ಬರುತ್ತದೆ. ಚಿತ್ರ ನಿಂತುಹೋದರೆ ಮಾತಿನಲ್ಲೇ ಮುಂದುವರಿಸಬಹುದು, ಆದರೆ ನೋಡದೆ ಹೇಳಲಾಗದು ಅನ್ನಿಸಿದರೆ ಡಾಕ್ಟರು ಅಲ್ಲಿಗೇ ನಿಲ್ಲಿಸಿ ಬನ್ನಿ ಅನ್ನುತ್ತಾರೆ. ಎದುರಿಗೇ ಬಂದು ತೋರಿಸುತ್ತೇನೆ ಅಂದವರನ್ನು ವಿಡಿಯೋದಲ್ಲೇ ಮಾಡಿ ಎಂದು ಅವರು ಒತ್ತಾಯಿಸುವಂತೆಯೂ ಇಲ್ಲ.

ಇನ್ನುಳಿದದ್ದು ಫೀಸು. 'ಮುಟ್ಟಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ, ಬರೀ ನೋಡಿದ್ದಕ್ಕೂ ದುಡ್ಡಾ?' ಎಂದು ಮೇಸ್ತ್ರಿ ಕೇಳಿದ. ಅವನೊಬ್ಬನೇ ಅಲ್ಲ, ಊರೇ ಕೇಳುತ್ತಿದೆ. ಸರಕಾರದ ಇ-ಸಂಜೀವಿನಿಯಲ್ಲಿ ನೋಡಿಸಿಕೊಂಡರೆ ದುಡ್ಡಿಲ್ಲ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಹತ್ತಿರ ಹೋದರೆ ಅವರೇ ಬಿ.ಪಿ. ನೋಡಿ, ಅದರಲ್ಲಿ ಡಾಕ್ಟರನ್ನು ಕೂಡಿಸಿ ಮಾತಾಡಿಸುತ್ತಾರೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ, ಅದೂ ಪುಕ್ಕಟೆ. ಖಾಸಗಿ ಡಾಕ್ಟರು ಮಾತ್ರ ಎದುರಿಗೆ ನೋಡಿದಷ್ಟೇ ಫೀಸು ತೆಗೆದುಕೊಳ್ಳಬಹುದೆಂದು ನಿಯಮವೇ ಹೇಳುತ್ತದೆ. ಮಗುವಿನ ಉಸಿರನ್ನು ಒಂದು ನಿಮಿಷ ಬಿಡದೆ ಎಣಿಸಿದವರಿಗೆ ಅದು ಸಲ್ಲಬೇಕಾದದ್ದೇ. ಕೊಡಿ, ಮತ್ತು ರಸೀದಿ ಕೇಳಿ ಪಡೆಯಿರಿ. ರಸೀದಿ ಕೊಡಬೇಕೆಂಬುದೂ ಅದೇ ನಿಯಮದಲ್ಲಿದೆ.